ಇಡೀ ಕ್ಲಾಸಿಗೆ 60° ಕೋನ 57° ಬಂದಿದೆ, ತಪ್ಪು ಕೈವಾರದ್ದಾ, ಸ್ಕ್ಯಾನಿನದ್ದಾ?

ಸೀಮೆಸುಣ್ಣ

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರಜೆಯಲ್ಲಿ ಮಕ್ಕಳಿಗೆ ರೇಖಾಗಣಿತದ ರಚನೆಗಳನ್ನು ಕೊಟ್ಟಿದ್ದೆ. ಕೈವಾರ ಮತ್ತು ಸ್ಕೇಲ್ ಮಾತ್ರ, ಕೋನಮಾಪಕ ಮುಟ್ಟಬಾರದು. ನೋಟ್‌ಬುಕ್ಕಿನಲ್ಲಿ ಬರೆದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಪಿಡಿಎಫ್ ಕಳಿಸಿ ಅಂದಿದ್ದೆ. 34 ಜನ ಕಳಿಸಿದ್ದಾರೆ. ಪ್ರಿಂಟ್ ತೆಗೆದು ಕೋನಮಾಪಕ ಇಟ್ಟು ಅಳೆಯುತ್ತಾ ಕೂತಿದ್ದೇನೆ.

ಮೊದಲನೇ ಲೆಕ್ಕ, ಅಡ್ಡಲಾಗಿ 6 ಸೆಂ.ಮೀ. ರೇಖೆ ಎಳೆದು ಅದರ ಲಂಬಾರ್ಧಕ. ಎಲ್ಲರದ್ದೂ 90°, ಚೆನ್ನಾಗಿದೆ. ಎರಡನೇದು, 60° ಕೋನ ರಚಿಸಿ ಅದನ್ನು ಅರ್ಧಿಸುವುದು. ಇಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ 57° ಬರ್ತಿದೆ! ಕೋನಾರ್ಧಕವೂ ಸರಿಯಾಗಿಲ್ಲ, ಕೆಳಗಿನ ಭಾಗ 27°, ಮೇಲಿನದು 30°. ಮೂರನೇದು, ಓರೆಯಾಗಿ ಎಳೆದ ರೇಖೆಯ ಲಂಬಾರ್ಧಕ. ಒಂದು ಕಡೆ 96°, ಇನ್ನೊಂದು ಕಡೆ 84°.

ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ ಅಂದುಕೊಳ್ಳೋಣ ಅಂದರೆ, ಇವರ ಮನೆಗಳು ಬೇರೆ ಬೇರೆ ಊರಲ್ಲಿವೆ. ಪ್ರಿಂಟಿನಲ್ಲಿ ಉದ್ದ ಸ್ವಲ್ಪ ಜಾಸ್ತಿ ಕಾಣ್ತಿದೆ, ಅದು ನನಗೂ ಗೊತ್ತು. ಆದರೆ ಚಿತ್ರ ದೊಡ್ಡದಾದರೆ ಕೋನ ಬದಲಾಗಲ್ಲ ಅಲ್ವಾ? ಹಾಗಾದರೆ ಅಂಕ ಕಳೆಯಲೇಬೇಕಾ?

ಎರಡನೇ ಬೆಂಚು

ಮೇಡಂ, ಇದು ಖಂಡಿತ ಕೈವಾರದ ಸಮಸ್ಯೆ. ಜಾಮಿಟ್ರಿ ಬಾಕ್ಸಿನಲ್ಲಿ ಬರುವ ಕೈವಾರದ ತಿರುಪು ಒಂದು ತಿಂಗಳಲ್ಲಿ ಸಡಿಲ ಆಗುತ್ತದೆ. ಮೊದಲ ಕಂಸ ಎಳೆಯುವಾಗ 5 ಸೆಂ.ಮೀ. ಇರುತ್ತದೆ, ಮುಳ್ಳನ್ನು ಎತ್ತಿ ಇನ್ನೊಂದು ಕಡೆ ಇಡುವಷ್ಟರಲ್ಲಿ ಕಾಲು ಮುಚ್ಚಿಕೊಂಡಿರುತ್ತದೆ. ಎರಡನೇ ತ್ರಿಜ್ಯ ಕಮ್ಮಿ ಆದರೆ ಕೋನ 60ಕ್ಕಿಂತ ಕಮ್ಮಿ ಬರಲೇಬೇಕು. ನಾನು ಟ್ಯೂಷನ್ ಹೇಳುವಾಗ ತಿರುಪಿಗೆ ಒಂದು ಸುತ್ತು ದಾರ ಸುತ್ತಿ ಬಿಗಿ ಮಾಡಿಸ್ತಿದ್ದೆ.

ಪುಟ್ಟಿ ಅಮ್ಮ

ನಮ್ಮ ಮಗಳಿಗೂ ಹೀಗೇ ಆಯ್ತು. 75° ರಚನೆಗೆ 73° ಬಂದಿದೆ ಅಂತ 3 ಅಂಕದಲ್ಲಿ ಒಂದೂವರೆ ಕಳೆದಿದ್ದಾರೆ. ಅವಳು ಅತ್ತುಕೊಂಡು ಬಂದಳು. ಅಂದಹಾಗೆ ಯಾವ ಕಂಪನಿ ಕೈವಾರ ತಗೊಂಡರೆ ಒಳ್ಳೇದು? ಸ್ಪ್ರಿಂಗ್ ಇರೋದು ಚೆನ್ನಾಗಿರುತ್ತಾ?

ಮೂಲೆಮಟ್ಟ

ಎರಡನೇ ಬೆಂಚು ಹೇಳಿದ್ದು ಕೈವಾರದ ವಿಷಯದಲ್ಲಿ ಸರಿ, ಆದರೆ ಇಲ್ಲಿ ಹೊಂದುವುದಿಲ್ಲ. ಲೆಕ್ಕ ಹಾಕಿ ನೋಡಿ. 5 ಸೆಂ.ಮೀ. ತ್ರಿಜ್ಯದಲ್ಲಿ 60 ಹೋಗಿ 57 ಆಗಬೇಕಾದರೆ ಕೈವಾರ 2.3 ಮಿ.ಮೀ. ಮುಚ್ಚಿಕೊಳ್ಳಬೇಕು. ಒಬ್ಬಿಬ್ಬರಿಗೆ ಆಗಬಹುದು. ಎಲ್ಲ ಮಕ್ಕಳ ಕೈವಾರವೂ ಒಂದೇ ಅಳತೆಗೆ, ಒಂದೇ ದಿಕ್ಕಿಗೆ ಜಾರುತ್ತದಾ? ಕೈ ತಪ್ಪು ಅಂದರೆ ಒಬ್ಬರಿಗೆ 58, ಇನ್ನೊಬ್ಬರಿಗೆ 62 ಅಂತ ಚೆಲ್ಲಾಪಿಲ್ಲಿ ಇರಬೇಕಿತ್ತು.

ಇನ್ನೊಂದು ಸುಳಿವು ಕೋನಾರ್ಧಕದಲ್ಲಿದೆ. ಕೋನ 57° ಆಗಿಯೇ ಹುಟ್ಟಿದ್ದರೂ ಮಗು ಅದನ್ನು ಅರ್ಧಿಸಿದಾಗ ಎರಡು ಕಡೆ 28.5 ಬರಬೇಕು. 27 ಮತ್ತು 30 ಅಂತ ಎಲ್ಲರಿಗೂ ಬಂದಿದೆ ಅಂದರೆ ಚಿತ್ರವೇ ಎಳೆದುಕೊಂಡಿದೆ, ಅದೂ ಒಂದೇ ದಿಕ್ಕಿಗೆ. ಎಲ್ಲ ದಿಕ್ಕಿಗೂ ಸಮನಾಗಿ ದೊಡ್ಡದಾದರೆ ಕೋನ ಬದಲಾಗಲ್ಲ, ನೀವು ಹೇಳಿದ್ದು ನಿಜ. ಅಗಲ ಒಂದಷ್ಟು, ಎತ್ತರ ಇನ್ನೊಂದಷ್ಟು ಹಿಗ್ಗಿದರೆ ಕೋನ ಕೆಡುತ್ತದೆ.

ನನಗೆ ಮೂರು ವಿಷಯ ಹೇಳಿ. ನೋಟ್‌ಬುಕ್ಕಿನ ಹಾಳೆ ಎಷ್ಟು ಅಗಲ, ಎಷ್ಟು ಎತ್ತರ? ಸ್ಕ್ಯಾನ್ ಆಪ್ ಯಾವ ಸೈಜಿಗೆ ಪಿಡಿಎಫ್ ಮಾಡಿದೆ? ಯಾರಾದರೂ ನೋಟ್‌ಬುಕ್ ಬಿಟ್ಟು ಎ4 ಹಾಳೆಯಲ್ಲಿ ಮಾಡಿದ್ದಾರಾ?

ಸೀಮೆಸುಣ್ಣ

ಅಳೆದೆ. ಹಾಳೆ 17 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರ, ನಮ್ಮಲ್ಲಿ ಎಲ್ಲರಿಗೂ ಒಂದೇ ತರಹದ ನೋಟ್‌ಬುಕ್. ಪಿಡಿಎಫ್ ಎಲ್ಲಾ ಎ4. ಗ್ರೂಪಿನಲ್ಲಿ ಒಬ್ಬ ಹುಡುಗನ ಅಣ್ಣ ಒಂದು ಆಪ್ ಹೇಳಿಕೊಟ್ಟನಂತೆ, ಎಲ್ಲರೂ ಅದನ್ನೇ ಹಾಕಿಕೊಂಡಿದ್ದಾರೆ.

ಮತ್ತೆ ಹೌದು! ಇಬ್ಬರು ಎ4 ಹಾಳೆಯಲ್ಲಿ ಮಾಡಿದ್ದಾರೆ. ಈಗ ನೋಡಿದೆ. ಒಬ್ಬಳದು 60.5, ಇನ್ನೊಬ್ಬನದು 59. ಇವರಿಬ್ಬರು ಜಾಣರು ಅಂತ ಖುಷಿಪಟ್ಟಿದ್ದೆ ನಾನು.

ಮೂಲೆಮಟ್ಟ

ಹಾಗಾದರೆ ಸಿಕ್ಕಿತು. ಆಪ್ ಪುಟದ ನಾಲ್ಕು ಅಂಚು ಹಿಡಿದು, ಬಿಳಿ ಜಾಗ ಬಿಡದೆ, ಎ4 ತುಂಬುವ ಹಾಗೆ ಎಳೆದಿದೆ. ಎ4 ಅಂದರೆ 21 ಸೆಂ.ಮೀ. ಅಗಲ, 29.7 ಎತ್ತರ. ನಿಮ್ಮ 17 ಸೆಂ.ಮೀ. ಅಗಲ 21 ಆಗಿದೆ, ಅಂದರೆ 1.235 ಪಟ್ಟು. 27 ಸೆಂ.ಮೀ. ಎತ್ತರ 29.7 ಆಗಿದೆ, 1.1 ಪಟ್ಟು. ಎತ್ತರಕ್ಕಿಂತ ಅಗಲ ಸುಮಾರು 12% ಜಾಸ್ತಿ ಹಿಗ್ಗಿದೆ.

60°ಯ ಟ್ಯಾನ್ 1.732. ಅದನ್ನು 1.123ರಿಂದ ಭಾಗಿಸಿದರೆ 1.542. ಆ ಟ್ಯಾನ್ ಇರುವ ಕೋನ 57°. 30°ಗೆ ಇದೇ ಲೆಕ್ಕ ಹಾಕಿದರೆ 27.2°. 57ರಲ್ಲಿ 27.2 ಕಳೆದರೆ ಮೇಲಿನ ಭಾಗ 29.8. ನೀವು ಅಳೆದಿದ್ದು ಅದೇ ತಾನೇ? ಓರೆ ರೇಖೆಯೂ ಹಾಗೆಯೇ. ಅದು ಸುಮಾರು 30° ಓರೆ ಇದ್ದರೆ ಲಂಬಾರ್ಧಕ 90 ಹೋಗಿ 95.7 ಕಾಣಬೇಕು.

ಮೊದಲನೇ ಲೆಕ್ಕ ಯಾಕೆ ಕೆಡಲಿಲ್ಲ ಅಂದರೆ, ಅಲ್ಲಿ ರೇಖೆ ಅಡ್ಡ, ಲಂಬಾರ್ಧಕ ನೆಟ್ಟಗೆ. ಅಡ್ಡಕ್ಕೆ ಎಳೆದರೂ ಅಡ್ಡ ಅಡ್ಡವೇ, ನೆಟ್ಟಗಿದ್ದದ್ದು ನೆಟ್ಟಗೇ. ಮಧ್ಯಬಿಂದುವೂ ಮಧ್ಯದಲ್ಲೇ ಉಳಿಯುತ್ತದೆ, ಯಾಕೆಂದರೆ ಒಂದೇ ಗೆರೆಯ ಎರಡು ಅರ್ಧ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅದಕ್ಕೇ ಆ ಲೆಕ್ಕ ಎಲ್ಲರದ್ದೂ ಸರಿ ಕಂಡಿತು.

ಎರಡನೇ ಬೆಂಚು

ಅಬ್ಬಾ. ಸರಿ, ನಾನು ಸೋತೆ. ಆದರೆ ಒಂದು ಪ್ರಶ್ನೆ. ಇಲ್ಲಿ ಎಲ್ಲರದ್ದೂ ಒಂದೇ ನೋಟ್‌ಬುಕ್, ಅದಕ್ಕೆ ಗೊತ್ತಾಯ್ತು. ಒಂದೇ ಒಂದು ಸ್ಕ್ಯಾನ್ ಕೈಗೆ ಬಂದು, ಹಾಳೆಯ ಅಳತೆಯೂ ಗೊತ್ತಿಲ್ಲದಿದ್ದರೆ? ಆಗ ತಪ್ಪು ಹುಡುಗನದ್ದಾ, ಆಪಿನದ್ದಾ ಅಂತ ಹೇಗೆ ಹೇಳ್ತೀರಿ?

ಮೂಲೆಮಟ್ಟ

ಕಂಸವನ್ನೇ ಕೇಳಬೇಕು. ಕೈವಾರದಿಂದ ಒಂದೇ ಸಲಕ್ಕೆ ಎಳೆದ ಕಂಸಕ್ಕೆ ಒಂದೇ ತ್ರಿಜ್ಯ. 60° ರಚನೆಯಲ್ಲಿ ಶೃಂಗದಿಂದ ಎಳೆದ ದೊಡ್ಡ ಕಂಸ ಇರುತ್ತದಲ್ಲ, ಅದು ಕೆಳಗಿನ ಭುಜವನ್ನು ಒಂದು ಕಡೆ ಮುಟ್ಟುತ್ತದೆ. ಎರಡನೇ ಕಂಸ ಅದನ್ನು ಮೇಲೆ ಇನ್ನೊಂದು ಕಡೆ ಕತ್ತರಿಸುತ್ತದೆ. ಶೃಂಗದಿಂದ ಈ ಎರಡೂ ಬಿಂದುಗಳಿಗೆ ಇರುವ ದೂರ ಅಳೆಯಿರಿ. ಎರಡೂ ಒಂದೇ ಆಗಿರಬೇಕು, ಮಗು 60 ಬರೆದಿರಲಿ, 50 ಬರೆದಿರಲಿ. ಬೇರೆ ಬೇರೆ ಬಂದರೆ ಚಿತ್ರ ಎಳೆದುಕೊಂಡಿದೆ.

ನಿಮ್ಮ ಮಕ್ಕಳು 5 ಸೆಂ.ಮೀ. ತ್ರಿಜ್ಯ ತಗೊಂಡಿದ್ದರೆ ಪ್ರಿಂಟಿನಲ್ಲಿ ಭುಜದ ಮೇಲೆ 6.2 ಸೆಂ.ಮೀ., ಮೇಲಿನ ಛೇದಕ್ಕೆ 5.7 ಸೆಂ.ಮೀ. ಸಿಗಬೇಕು. ಅರ್ಧ ಸೆಂಟಿಮೀಟರ್ ವ್ಯತ್ಯಾಸ, ಕಣ್ಣಿಗೇ ಕಾಣುತ್ತದೆ.

ಕಂಸ ಎಳೆಯುವಾಗಲೇ ಮಧ್ಯದಲ್ಲಿ ಪೆನ್ಸಿಲ್ ಜಾರಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಆದರೆ ಹಾಗೆ ಜಾರಿದ ಕಂಸ ಒಂದು ಕಡೆ ಮುರಿದ ಹಾಗೆ ಕಾಣುತ್ತದೆ, ಗೊತ್ತಾಗಿಬಿಡುತ್ತದೆ.

ಸೀಮೆಸುಣ್ಣ

ಕೈಯಲ್ಲಿದ್ದ ಮೊದಲ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟೆ. 6.2 ಮತ್ತು 5.7. ಮೈ ಜುಮ್ಮೆಂದಿತು.

ಈಗ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿಸಬೇಕಾ? ರಜೆ ಇನ್ನೂ ಎಂಟು ದಿನ ಇದೆ, ಹಳ್ಳಿಯಲ್ಲಿ ಕೆಲವರ ಹತ್ತಿರ ಈಗ ಫೋನೂ ಇಲ್ಲ.

ಹಳೇ ಡ್ರಾಫ್ಟ್ಸ್‌ಮನ್

ಚರ್ಚೆ ನೋಡಿ ಹಳೇ ದಿನಗಳು ನೆನಪಾದವು. ನಾವು ಟ್ರೇಸಿಂಗ್ ಹಾಳೆಯಿಂದ ಪ್ರಿಂಟ್ ತೆಗೆಸುತ್ತಿದ್ದೆವು. ಮಳೆಗಾಲದಲ್ಲಿ ಕಾಗದವೇ ಹಿಗ್ಗುತ್ತಿತ್ತು, ಜೆರಾಕ್ಸಿನಲ್ಲಿ ಇನ್ನಷ್ಟು. ಅದಕ್ಕೇ ನಕ್ಷೆಯ ಕೆಳಗೆ ಅಂಕಿಯಲ್ಲಿ ಪ್ರಮಾಣ ಬರೆದರೂ ಪಕ್ಕದಲ್ಲಿ ಒಂದು ಅಳತೆಪಟ್ಟಿ ಚಿತ್ರಿಸುವುದು. ನಕ್ಷೆ ಹಿಗ್ಗಿದರೆ ಪಟ್ಟಿಯೂ ಹಿಗ್ಗುತ್ತದೆ, ಅಳತೆ ತಪ್ಪಲ್ಲ. ಮೇಡಂ, ಮುಂದಿನ ಸಲ ನೀವೂ ಮಕ್ಕಳ ಹಾಳೆಯಲ್ಲಿ ಒಂದು 10 ಸೆಂ.ಮೀ. ಪಟ್ಟಿ ಹಾಕಿಸಿ, ಮುಗಿಯಿತು.

ಮೂಲೆಮಟ್ಟ

ಸರ್, ಒಳ್ಳೆಯ ಮಾತು. ಆದರೆ ಇಲ್ಲಿ ಒಂದು ಪಟ್ಟಿ ಸಾಲದು. ಅಡ್ಡ ಪಟ್ಟಿ ಅಡ್ಡ ದಿಕ್ಕಿನ ಹಿಗ್ಗು ಮಾತ್ರ ಹೇಳುತ್ತದೆ. ಅಡ್ಡ ಒಂದು, ಉದ್ದ ಒಂದು ಬೇಕು. ಅದಕ್ಕಿಂತ ಸುಲಭ ಅಂದರೆ ಮೂಲೆಯಲ್ಲಿ 5 ಸೆಂ.ಮೀ.ನ ಒಂದು ಚೌಕ. ಅದನ್ನು ಮಕ್ಕಳ ಕೈಲಿ ಬರೆಸಬಾರದು, ಪ್ರಶ್ನೆಯ ಹಾಳೆಯಲ್ಲೇ ಅಚ್ಚಾಗಿರಬೇಕು. ಸ್ಕ್ಯಾನಿನಲ್ಲಿ ಚೌಕದ ಬಾಹುಗಳು ಸಮ ಇದ್ದು ಎರಡು ಕರ್ಣಗಳೂ ಸಮ ಇದ್ದರೆ ಆ ಜಾಗದಲ್ಲಿ ಕೋನ ನಂಬಬಹುದು. ಬಾಹು ಸಮ ಇದ್ದು ಕರ್ಣ ಬೇರೆ ಬೇರೆ ಇದ್ದರೆ ಚಿತ್ರ ಓರೆಗೆ ವಾಲಿದೆ.

ಸೀಮೆಸುಣ್ಣ ಅವರೇ, ಮತ್ತೆ ಸ್ಕ್ಯಾನ್ ಬೇಡ. ಹಾಳೆಯ ಅಳತೆ ಗೊತ್ತಿದೆಯಲ್ಲ. ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಇದ್ದರೆ ಪುಟವನ್ನು ಚಿತ್ರವಾಗಿ ಹಾಕಿ. ಚಿತ್ರದ ಸೆಟ್ಟಿಂಗ್‌ನಲ್ಲಿ Position ಅನ್ನುವ ಕಡೆ ಮೂರು ಮೂಲೆ ಕೇಳುತ್ತದೆ. ಹೀಗೆ ಕೊಡಿ:

```
Corner 1: (0, 0)
Corner 2: (17, 0)
Corner 4: (0, 27)
```

ಎಡ ಕೆಳಮೂಲೆ, ಬಲ ಕೆಳಮೂಲೆ, ಎಡ ಮೇಲ್ಮೂಲೆ. ಎಳೆದುಕೊಂಡ ಪುಟ ಮತ್ತೆ ನೋಟ್‌ಬುಕ್ಕಿನ ಆಕಾರಕ್ಕೆ ಬಂದು ಕೂರುತ್ತದೆ. ಒಂದು ಮಾನ ಅಂದರೆ 1 ಸೆಂ.ಮೀ. ಆಮೇಲೆ ಮಗುವಿನ ಗೆರೆಗಳ ಮೇಲೆ ಬಿಂದು ಇಟ್ಟು ಕೋನವನ್ನೂ ದೂರವನ್ನೂ ಅಲ್ಲೇ ಅಳೆಯಿರಿ. ಬಿಂದುಗಳನ್ನು ಆದಷ್ಟು ದೂರ ದೂರ ಇಡಿ. 2 ಸೆಂ.ಮೀ. ಅಂತರದಲ್ಲಿ ಬಿಂದು ಇಟ್ಟು, ಅದು ಗೆರೆಯಿಂದ ಅರ್ಧ ಮಿ.ಮೀ. ಸರಿದರೂ ಒಂದೂವರೆ ಡಿಗ್ರಿ ಹೋಯಿತು.

ಸೀಮೆಸುಣ್ಣ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. 32 ನೋಟ್‌ಬುಕ್ ಪುಟ ಇತ್ತಲ್ಲ, ಎಲ್ಲವನ್ನೂ ಜಿಯೋಜೀಬ್ರಾಗೆ ಹಾಕಿದೆ. 29 ಪುಟಗಳಲ್ಲಿ 60°ಯು 59 ಮತ್ತು 61ರ ಒಳಗೆ ಬಂದು ಕೂತಿತು. ಮಕ್ಕಳ ಮೇಲೆ ಸುಮ್ನೆ ಸಿಟ್ಟಾಗಿದ್ದೆ. ಮೂರು ಪುಟ ಮಾತ್ರ ಹಠ ಮಾಡ್ತಿವೆ, ಆಮೇಲೆ ಹೇಳ್ತೀನಿ.

ಚಿತ್ರ ನೆಟ್ಟಗಾದ ಮೇಲೆ ನಿಜವಾದ ತಪ್ಪುಗಳು ಕಾಣಲು ಶುರುವಾದವು. ಒಂದು ವಿಚಿತ್ರ ನೋಡಿ. ಒಬ್ಬ ಹುಡುಗನ ಮೊದಲನೇ ಲೆಕ್ಕ. AB 6.0 ಸೆಂ.ಮೀ. ಇದೆ. ಲಂಬಾರ್ಧಕ ಸರಿಯಾಗಿ 90°ಗೆ ನಿಂತಿದೆ. ಆದರೆ AB ಯನ್ನು 3.1 ಮತ್ತು 2.9 ಮಾಡಿ ಕತ್ತರಿಸಿದೆ. ಲಂಬ ಸರಿ, ಅರ್ಧ ತಪ್ಪು! ಮೂಲೆಮಟ್ಟ ಇಟ್ಟು ಎಳೆದು ಆಮೇಲೆ ಕಂಸ ಗೀಚಿದ್ದಾನಾ ಅಂತ ಅನುಮಾನ.

ಎರಡನೇ ಬೆಂಚು

ಅದೇ ಅದೇ, ಮೂಲೆಮಟ್ಟ ಇಟ್ಟು ಎಳೆದಿದ್ದಾನೆ. ನಾವೂ ಮಾಡ್ತಿದ್ವಿ. 😀

ಮೂಲೆಮಟ್ಟ

ಅವಸರ ಬೇಡ. ಈಗ ಕೈವಾರ ಸಡಿಲ ಅನ್ನುವ ನಿಮ್ಮ ಮಾತೇ ಕೆಲಸಕ್ಕೆ ಬರುತ್ತದೆ.

A ಯಲ್ಲಿ ಮುಳ್ಳಿಟ್ಟು ಮೇಲೆ ಕೆಳಗೆ ಕಂಸ ಎಳೆದ, 5 ಸೆಂ.ಮೀ. ಮುಳ್ಳನ್ನು B ಗೆ ಒಯ್ಯುವಾಗ ಕೈವಾರ ಒಂದಿಷ್ಟು ಮುಚ್ಚಿಕೊಂಡಿತು. ಅಲ್ಲಿಂದಲೂ ಮೇಲೆ ಕೆಳಗೆ ಎಳೆದ. ಮೇಲಿನ ಛೇದ, ಕೆಳಗಿನ ಛೇದ ಎರಡೂ B ಕಡೆಗೆ ಒಂದೇ ಅಷ್ಟು ಸರಿಯುತ್ತವೆ. ಎರಡನ್ನೂ ಸೇರಿಸಿದ ಗೆರೆ ಲಂಬವಾಗಿಯೇ ಇರುತ್ತದೆ, ಇಡಿಯಾಗಿ ಪಕ್ಕಕ್ಕೆ ಜರುಗಿರುತ್ತದೆ. ಯಾವ ಕಡೆ ತ್ರಿಜ್ಯ ಕಮ್ಮಿಯೋ ಆ ಕಡೆಗೆ. ಇವನ ಲೆಕ್ಕದಲ್ಲಿ 1 ಮಿ.ಮೀ. ಜರುಗಬೇಕಾದರೆ ಕೈವಾರ 1.2 ಮಿ.ಮೀ. ಮುಚ್ಚಿಕೊಂಡರೆ ಸಾಕು.

A ಯಿಂದ ಮೇಲಿನ ಛೇದಕ್ಕೆ, B ಯಿಂದ ಮೇಲಿನ ಛೇದಕ್ಕೆ ಅಳೆದು ನೋಡಿ. ಕೆಳಗಿನದ್ದನ್ನೂ ಅಳೆಯಿರಿ. ಮೇಲೂ ಕೆಳಗೂ ಅದೇ ವ್ಯತ್ಯಾಸ ಬಂದರೆ ಹುಡುಗ ಪ್ರಾಮಾಣಿಕ, ಕೈವಾರ ಸಡಿಲ. ಆಮೇಲೆ ಗೀಚಿದ ಕಂಸವಾದರೆ ಛೇದ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಮೇಲೊಂದು ಅಳತೆ ಕೆಳಗೊಂದು ಅಳತೆ ಇರುತ್ತದೆ.

ಸೀಮೆಸುಣ್ಣ

A ಯಿಂದ 5.0, B ಯಿಂದ 4.9. ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಪಾಪ.

ಇದಕ್ಕೆ ಉಲ್ಟಾ ಒಬ್ಬಳಿದ್ದಾಳೆ. ಸರಿಯಾಗಿ ಮಧ್ಯದಲ್ಲೇ ಕತ್ತರಿಸಿದ್ದಾಳೆ, ಆದರೆ ಗೆರೆ ವಾಲಿದೆ, 88.5°. ಕಂಸಗಳು AB ಗೆ ತುಂಬಾ ಹತ್ತಿರ ಛೇದಿಸಿವೆ.

ಮೂಲೆಮಟ್ಟ

ತ್ರಿಜ್ಯ 3.2 ಇರಬೇಕು, ಅಲ್ವಾ? 'ಅರ್ಧಕ್ಕಿಂತ ಹೆಚ್ಚು' ಅಂತ ನಾವೇ ಹೇಳ್ತೀವಿ, ಮಕ್ಕಳು ಒಂದು ಎಳೆ ಹೆಚ್ಚು ಮಾಡಿ ಬಿಡ್ತಾರೆ. 3.2 ತಗೊಂಡರೆ ಎರಡು ಛೇದಗಳ ನಡುವೆ 2.2 ಸೆಂ.ಮೀ. ಮಾತ್ರ ಅಂತರ. ಅಷ್ಟು ಹತ್ತಿರದ ಎರಡು ಬಿಂದುಗಳಿಗೆ ಸ್ಕೇಲ್ ಹೊಂದಿಸುವಾಗ ಪೆನ್ಸಿಲ್ ಗೆರೆಯ ದಪ್ಪದಷ್ಟು, ಅರ್ಧ ಮಿ.ಮೀ. ತಪ್ಪಿದರೆ 1.3° ವಾಲುತ್ತದೆ. 5 ಸೆಂ.ಮೀ. ತಗೊಂಡಿದ್ದರೆ ಅಂತರ 8 ಸೆಂ.ಮೀ., ಅದೇ ಅರ್ಧ ಮಿ.ಮೀ.ಗೆ ಬರೀ 0.4°. 60° ರಚನೆಯಲ್ಲೂ ಹಾಗೇ. ಕೈವಾರ 1 ಮಿ.ಮೀ. ಅಗಲವಾದರೆ 5 ಸೆಂ.ಮೀ. ಕಂಸದಲ್ಲಿ 1.3° ತಪ್ಪುತ್ತದೆ, 3 ಸೆಂ.ಮೀ. ಕಂಸದಲ್ಲಿ 2.2°.

ಪುಟ್ಟಿ ಅಮ್ಮ

ಹಾಗಾದರೆ ನನ್ನ ಮಗಳ 73° ಕೂಡ ಸ್ಕ್ಯಾನ್ ತಪ್ಪಾ? ಅವಳದ್ದು ಆನ್‌ಲೈನಿನಲ್ಲೇ ಸಲ್ಲಿಸಿದ್ದು. ಟೀಚರಿಗೆ ಇದನ್ನೆಲ್ಲ ಕಳಿಸಲಾ?

ಮೂಲೆಮಟ್ಟ

ಅಮ್ಮಾ, ಮೊದಲು ಮನೆಯಲ್ಲಿರುವ ಅಸಲು ಹಾಳೆಯ ಮೇಲೆ ಕೋನಮಾಪಕ ಇಟ್ಟು ನೋಡಿ. ಅಲ್ಲಿ 75 ಇದ್ದರೆ ಟೀಚರಿಗೆ ಹಾಳೆಯನ್ನೇ ತೋರಿಸಿ. ಅಲ್ಲೂ 73 ಇದ್ದರೆ ಅವಳದ್ದೇ. 75° ಅಂದರೆ 60 ಮತ್ತು 90ರ ಮಧ್ಯ ಅರ್ಧಿಸಬೇಕು, ಮೂರು ನಾಲ್ಕು ಹಂತದ ತಪ್ಪು ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಅಷ್ಟು ಹಂತಕ್ಕೆ 2° ನನಗೇನೂ ಜಾಸ್ತಿ ಅನ್ನಿಸಲ್ಲ.

ಎರಡನೇ ಬೆಂಚು

ಇಲ್ಲಿ ನನ್ನ ತಕರಾರು ಇದೆ. ಕಂಸಗಳು ಇದ್ದರೆ ಪೂರ್ತಿ ಅಂಕ ಕೊಡಿ, ಡಿಗ್ರಿ ಅಳೆಯೋದೇ ಬೇಡ. ವಿಧಾನ ಗೊತ್ತಿದೆಯಾ ಅಂತ ತಾನೇ ಪರೀಕ್ಷೆ? 100 ರೂಪಾಯಿ ಕೈವಾರದ ತಪ್ಪಿಗೆ ಮಗು ಯಾಕೆ ಅಂಕ ಕಳಕೊಳ್ಳಬೇಕು?

ಹಳೇ ಡ್ರಾಫ್ಟ್ಸ್‌ಮನ್

ಒಪ್ಪಲ್ಲ ಮಾರಾಯ್ರೇ. ರಚನೆ ಅಂದರೆ ಕೈಕೆಲಸ. ತಿರುಪು ಬಿಗಿ ಇದೆಯಾ ನೋಡಿಕೊಳ್ಳುವುದು, ಪೆನ್ಸಿಲ್ ಚೂಪು ಮಾಡುವುದು ಅದರದ್ದೇ ಭಾಗ. ನನ್ನ ಮೇಸ್ತ್ರಿಗಳು ಎರಡು ಮಿ.ಮೀ. ತಪ್ಪಿದರೆ ಹಾಳೆ ಹರಿದು ಕೊಡುತ್ತಿದ್ದರು.

ಸೀಮೆಸುಣ್ಣ

ನಾನು 2° ಮತ್ತು 2 ಮಿ.ಮೀ. ತನಕ ಬಿಡ್ತೀನಿ, ಕಂಸ ಕಾಣಬೇಕು ಅಷ್ಟೇ. ಆದರೆ ಕಂಸ 'ಕಾಣಬೇಕು' ಅನ್ನೋದೂ ಈಗ ಕಷ್ಟ ಆಗಿದೆ. ನಾಲ್ಕು ಮಕ್ಕಳು ಆಪಿನಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿ ಕಳಿಸಿದ್ದಾರೆ. ಗೆರೆಗಳು ಇದ್ದಿಲಿನಲ್ಲಿ ಬರೆದ ಹಾಗೆ ದಪ್ಪ, ತೆಳು ಕಂಸಗಳು ಮಾಯ. ಒಬ್ಬಳದ್ದನ್ನು ಕೋನಮಾಪಕದ್ದು ಅಂತಲೇ ಬರೆದಿಟ್ಟಿದ್ದೆ. ಬಣ್ಣದ ಫೋಟೋ ಕೇಳಿದೆ, ನೋಡಿದರೆ ಕಂಸ ಎಲ್ಲಾ ಇದೆ.

ಮೂಲೆಮಟ್ಟ

ಮಕ್ಕಳಿಗೆ ಬಣ್ಣದಲ್ಲೇ ಕಳಿಸಿ ಅಂತ ಮೊದಲೇ ಹೇಳಬೇಕು. ಅಸಲು ಹಾಳೆ ಕೈಗೆ ಬಂದಾಗ ಇನ್ನೊಂದು ಸಾಕ್ಷಿ ಸಿಗುತ್ತದೆ, ಹಾಳೆ ತಿರುಗಿಸಿ ಹಿಂದೆ ಬೆರಳಾಡಿಸಿ. ಮುಳ್ಳು ಚುಚ್ಚಿದ ಉಬ್ಬು ತಗಲುತ್ತದೆ. ಸ್ಕ್ಯಾನಿನಲ್ಲಿ ಅದು ಬರುವುದೇ ಇಲ್ಲ.

ಆ ಮೂರು ಪುಟ ಏನಾಯ್ತು?

ಸೀಮೆಸುಣ್ಣ

ಅವು ಮೂರೂ ಎಡಗಡೆ ಹೊಲಿಗೆಯ ಪಕ್ಕದಲ್ಲೇ ಬರೆದ ಚಿತ್ರಗಳು. ನೋಟ್‌ಬುಕ್ ಬಿಚ್ಚಿದಾಗ ಅಲ್ಲಿ ಹಾಳೆ ಉಬ್ಬುತ್ತದಲ್ಲ. ಸ್ಕ್ಯಾನಿನಲ್ಲಿ ನೋಡಿದರೆ ಅಡ್ಡ ರೂಲು ಗೆರೆಗಳೇ ಹೊಲಿಗೆ ಹತ್ತಿರ ಬಾಗಿವೆ. ಒಂದರಲ್ಲಿ 60 ಹೋಗಿ 63 ಬರ್ತಿದೆ. ನಾಲ್ಕು ಮೂಲೆ ಸರಿಯಾಗಿ ಕೂರಿಸಿದರೂ ಒಳಗಿನ ಉಬ್ಬು ಹೋಗಲ್ಲ.

ಮೂಲೆಮಟ್ಟ

ಹೌದು, ಅಲ್ಲಿ ಅಗಲ ಮುದುಡಿದೆ, ಅದೂ ಜಾಗದಿಂದ ಜಾಗಕ್ಕೆ ಬೇರೆ ಬೇರೆ. ರೂಲು ಗೆರೆ ಬಾಗಿದ ಜಾಗದಲ್ಲಿ ಇರುವ ಚಿತ್ರಕ್ಕೆ ನಾನು ಸ್ಕ್ಯಾನಿನಿಂದ ಅಂಕ ಹಾಕುವುದಿಲ್ಲ.

ಸೀಮೆಸುಣ್ಣ

ಹಾಗಾದರೆ ಶಾಲೆ ಶುರುವಾದ ಮೇಲೆ ಆ ಮೂವರ ನೋಟ್‌ಬುಕ್ ತರಿಸಿಕೊಳ್ತೀನಿ. 3.1–2.9 ಹುಡುಗನ ಕೈವಾರವನ್ನೂ ತರೋಕೆ ಹೇಳಿದ್ದೀನಿ. 'ಮಿಸ್, ಅದು ಅಕ್ಕಂದು, ಅವಳು ಎಸ್ಸೆಸ್ಸೆಲ್ಸಿ ಬರೆದಿದ್ದೂ ಅದರಲ್ಲೇ' ಅಂದ.